‘ಇದು ಬರೀಬ್ಯಾಡ್ರಿ ಮತ್ತ’

ನಮ್ಮ ಬಡಾವಣೆ ಸಂಘದ ನಡಾವಳಿ ಬರೆಯುವ ಕೆಲಸ ಎರಡು ವರ್ಷದಿಂದ ನನ್ನದೇ. ಭಾನುವಾರದ ಸಭೆ ಒಂದೂವರೆ ತಾಸು ನಡೆಯಿತು. ಅದರಲ್ಲಿ ಅರ್ಧ ತಾಸು ತೊಗರಿ ರೇಟು, ಕಲಬುರಗಿ ಬಿಸಿಲು, ಯಾರದೋ ಮಗಳ ನಿಶ್ಚಯ. ಇದನ್ನೆಲ್ಲ ಬಿಡೋಕೆ ಯೋಚನೆಯೇ ಬೇಡ. ಸಭೆಗೆ ಬಾರದವರು ಮುಂದಿನ ವರ್ಷ ಪುಸ್ತಕ ತೆರೆದರೆ ಏನು ಠರಾವಾಯಿತು, ಯಾಕಾಯಿತು, ಕೆಲಸ ಯಾರದು ಅಂತ ತಿಳಿದರೆ ಸಾಕು.

ತಲೆ ತಿಂದದ್ದು ಒಂದೇ ಮಾತು.

ಬೋರ್‌ವೆಲ್ ಮೋಟರ್ ಸುಟ್ಟಿತ್ತು. ಮೂರು ಕೊಟೇಶನ್ ಬಂದಿದ್ದವು: 46,000, 48,500, 52,000. ಎರಡು ವರ್ಷ ಗ್ಯಾರಂಟಿ ಕೊಡುವವರು ಅವರೊಬ್ಬರೇ ಅಂತ 52,000ಕ್ಕೇ ಎಲ್ಲರೂ ಕೈ ಎತ್ತಿದರು. ಚಹಾ ಬಂತು. ಕಾಕಾ (ಇಡೀ ಬಡಾವಣೆಗೆ ಅವರು ಕಾಕಾನೇ) ಬಸಿಗೆ ಚಹಾ ಸುರಿಯುತ್ತ ಅಂದರು: “ಆ ಅಂಗಡ್ಯಾವ ನಮ್ಮ ಅಳಿಯಾನೇ ಆಗ್ಬೇಕ್ರಿ. ಇದು ಬರೀಬ್ಯಾಡ್ರಿ ಮತ್ತ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಕೈ ಆಗಲೇ ಬರೆದುಬಿಟ್ಟಿತ್ತು.

ಕಾಕಾ ಕಳ್ಳರಲ್ಲ. ಕಳ್ಳರಾಗಿದ್ದರೆ ಹೇಳುತ್ತಲೇ ಇರಲಿಲ್ಲ, ಅಲ್ವಾ? ಆದರೂ ಕಡಿಮೆ ರೇಟು ಬಿಟ್ಟಿದ್ದೇವೆ, ಕೈ ಎತ್ತಿದವರಲ್ಲಿ ಅವರೂ ಇದ್ದಾರೆ. 2013ರ ಕಂಪನಿ ಕಾಯ್ದೆಯ 118ನೇ ಕಲಂ ನಮ್ಮಂಥ ಸಂಘಕ್ಕೆ ತಾಗದು. ಆದರೂ ಅಳೆದು ನೋಡೋಕೆ ಒಳ್ಳೆಯದು: ಮಾನ ಕಳೆಯುವ ಮಾತು, ಸಭೆಗೆ ಸಂಬಂಧವಿಲ್ಲದ ಮಾತು, ಕಂಪನಿಗೆ ಹಾನಿ ತರುವ ಮಾತು ನಡಾವಳಿಗೆ ಬೇಡ ಅನ್ನುತ್ತದೆ. ಕಾಕಾ ಮಾತು ಈ ಯಾವುದಕ್ಕೂ ಸೇರುವುದಿಲ್ಲ. ಠರಾವಿಗೇ ಅಂಟಿಕೊಂಡಿದೆ.

ಸೋಮವಾರ ಫೋನ್ ಮಾಡಿದೆ. “ಕಾಕಾ, ಈಗ ಬರೀಲಿಲ್ಲಂದ್ರ ನಾಳಿ ನೀವೇ ಮುಚ್ಚಿಟ್ರಿ ಅಂತಾರ.” ಸ್ವಲ್ಪ ಹೊತ್ತು ಮಾತಿಲ್ಲ. “ಹಂಗಾದ್ರ ಬರೀರಿ. ಅಳಿಯ ಅಂತ ಬರೀಬ್ಯಾಡ್ರಿ, ಮಗಳ ಗಂಡ ಅನ್ಕೋತಾರ. ಅವ ನಮ್ಮ ಅಕ್ಕನ ಮಗ.” ನಾನೂ ಮಗಳ ಗಂಡ ಅಂತಲೇ ತಿಳಿದಿದ್ದೆ.

ಬುಧವಾರ ಅಧ್ಯಕ್ಷರು ಮತ್ತೆ ಎಲ್ಲರನ್ನೂ ಕರೆದರು. ಕಾಕಾ ಹೊರಗೆ ಕೂತರು. ಉಳಿದವರು ಅದೇ ಕೊಟೇಶನ್ ಒಪ್ಪಿದರು. ಇದನ್ನು ಬುಧವಾರದ ನಡಾವಳಿ ಅಂತ ಬೇರೆಯಾಗಿ ಬರೆದೆ. ಭಾನುವಾರದ ಪುಟದಲ್ಲಿ ತೂರಿಸಿದ್ದರೆ ಅದು ಸುಳ್ಳು ಲೆಕ್ಕವಾಗುತ್ತಿತ್ತು.

ಬಿಟ್ಟ ಮಾತೂ ಒಂದಿದೆ. 8 ತಿಂಗಳ ಬಾಕಿ ಇರುವ ಮನೆಯ ವಿಷಯ ಬಂದಾಗ, ಗಂಡ ತೀರಿಕೊಂಡ ಆ ಹೆಣ್ಣುಮಗಳ ಬಗ್ಗೆ ಒಬ್ಬರು ಒಂದು ಮಾತಾಡಿದರು. ನಾನು ಬರೆದದ್ದು ಇಷ್ಟೇ: “ಬಾಕಿ ಕುರಿತು ಕಾರ್ಯದರ್ಶಿ ಭೇಟಿಯಾಗಿ ಮಾತಾಡುವುದು.” ಆಕೆಯ ಮಾನ ಉಳಿಯಲಿ ಅಂತ ಬಿಟ್ಟೆ. ಉಳಿದದ್ದು ಆಡಿದವರ ಮಾನವೂ ಹೌದು. ಸುಮ್ನೆ ಕೂತು ಕೇಳಿದ ನನ್ನದೂ. ನಡಾವಳಿಯಲ್ಲಿ ನಾವೆಲ್ಲ ಭಾಳ ಸಭ್ಯರು.

ಆ ಮಾತು ನನ್ನ ಕಚ್ಚಾ ನೋಟ್‌ಬುಕ್ಕಿನಲ್ಲಿ ಇನ್ನೂ ಇದೆ. ಮುಂದಿನ ಸಭೆಯಲ್ಲಿ ನಡಾವಳಿ ಓದಿ, ಅಧ್ಯಕ್ಷರ ಸಹಿ ಬಿದ್ದ ಮೇಲೆ ಆ ಹಾಳೆ ಹರಿಯುತ್ತೇನೆ. ಈ ತಿಂಗಳು ಆಕೆಯ ಮನೆಗೆ ಹೋಗಬೇಕಾದ ಕಾರ್ಯದರ್ಶಿಯೂ ನಾನೇ.