ಶುಕ್ರವಾರದ ನೋಟ್‌ಬುಕ್‌ಗಳು

"ಮೇಡಂ, ವಾರಪೂರ್ತಿ ಶಾಲೆ ಇದ್ರೂ ಚಾನೆಲ್‌ಗೆ ಯಾವ ದಿನ ಏನು ಹಾಕಬೇಕು ಅಂತ ಹೇಗೆ ಪ್ಲಾನ್ ಮಾಡ್ತೀರಿ? ನಿಮ್ಮ ವೇಳಾಪಟ್ಟಿಯದ್ದೊಂದು ಫೋಟೋ ಕಳಿಸಿ."

ಫೋಟೋ ಕಳಿಸುವುದಿಲ್ಲ. ನನ್ನ ವೇಳಾಪಟ್ಟಿಯಲ್ಲಿರುವುದು ನನ್ನ ಹತ್ತನೆಯ ತರಗತಿಯ ಮಕ್ಕಳು ಹಿಂದಿನ ವಾರ ಮಾಡಿದ ತಪ್ಪುಗಳು. ಅವು ನಿಮ್ಮ ತರಗತಿಗೆ ಹೊಂದುವುದಿಲ್ಲ. ಕೇಳುವವರು ಖಾಲಿ ಚೌಕಗಳನ್ನು ಮೊದಲು ಎಳೆದುಕೊಂಡು, ಆಮೇಲೆ ಅವುಗಳಲ್ಲಿ ಏನನ್ನು ತುಂಬುವುದೆಂದು ಯೋಚಿಸುತ್ತಾರೆ. ಯೂಟ್ಯೂಬ್‌ನಲ್ಲಿ ಗಣಿತದ ಚಾನೆಲ್ ಆರಂಭಿಸಿದ ವರ್ಷ ನಾನೂ ಹಾಗೆಯೇ ಮಾಡಿ, ವಾರಕ್ಕೆ ಐದು ವಿಡಿಯೋ ಎಂದು ಗೋಡೆಗೆ ಪಟ್ಟಿ ಅಂಟಿಸಿದ್ದೆ.

ಮೂರನೆಯ ವಾರದ ಗುರುವಾರ ರಾತ್ರಿ ಹನ್ನೊಂದೂವರೆಗೆ, ಆ ದಿನದ ಚೌಕ ಖಾಲಿ ಉಳಿಯಬಾರದೆಂಬ ಒಂದೇ ಕಾರಣಕ್ಕೆ, ಮರಳಿ ನೋಡದೆ ಒಂದು ವಿಡಿಯೋ ಹಾಕಿದೆ. 10, 7, 4, … ಎಂಬ ಸಮಾಂತರ ಶ್ರೇಢಿಯ 30ನೆಯ ಪದವನ್ನು ಕಂಡುಹಿಡಿಯುವ ಲೆಕ್ಕವದು. ಸಾಮಾನ್ಯ ವ್ಯತ್ಯಾಸವೆಂದರೆ ಎರಡನೆಯ ಪದದಿಂದ ಮೊದಲನೆಯದನ್ನು ಕಳೆಯಬೇಕು, ಅಂದರೆ −3. ನಾನು 3 ಎಂದು ಬರೆದಿದ್ದೆ. ಮುಂದಿನ ವಾರದ ಕಿರುಪರೀಕ್ಷೆಯಲ್ಲಿ ಒಂಬತ್ತು ಮಕ್ಕಳು 97 ಎಂದು ಉತ್ತರಿಸಿದ್ದರು, ಸರಿಯುತ್ತರ −77. ಕೇಳಿದಾಗ ಒಬ್ಬಳು ಎದ್ದು ನಿಂತು, "ನೀವೇ ವಿಡಿಯೋದಲ್ಲಿ ಹಾಗೆ ಬರೆದಿದ್ರಿ ಮಿಸ್" ಎಂದಳು. ಯೂಟ್ಯೂಬ್‌ನಲ್ಲಿ ಒಮ್ಮೆ ಹಾಕಿದ ವಿಡಿಯೋದ ಜಾಗದಲ್ಲಿ, ಅದೇ ಲಿಂಕ್ ಉಳಿಸಿಕೊಂಡು, ತಿದ್ದಿದ ಇನ್ನೊಂದನ್ನು ಇಡಲು ಬರುವುದಿಲ್ಲ. ಹಳೆಯದನ್ನು ಅಳಿಸಿ ಹೊಸದನ್ನು ಹಾಕಿದೆ. ವಾಟ್ಸ್‌ಆ್ಯಪ್‌ನಲ್ಲಿ ಆಗಲೇ ಹರಡಿದ್ದ ಲಿಂಕ್ ಸತ್ತುಹೋಯಿತು. ಆ ಸಂಜೆ ಪಟ್ಟಿಯನ್ನು ಗೋಡೆಯಿಂದ ತೆಗೆದೆ.

ಈಗ ವಾರಕ್ಕೆ ಎರಡೇ ವಿಡಿಯೋ, ಅವೂ ತರಗತಿಯ ಪಾಠಕ್ಕಿಂತ ಒಂದು ವಾರ ಹಿಂದೆ. ಯೋಜನೆ ಶುಕ್ರವಾರ, ನೋಟ್‌ಬುಕ್ ತಿದ್ದುವಾಗ ಆರಂಭವಾಗುತ್ತದೆ. ಈ ವರ್ಷ ಅದೇ ಲೆಕ್ಕವನ್ನು ಮನೆಗೆಲಸಕ್ಕೆ ಕೊಟ್ಟಿದ್ದೆ. ತಪ್ಪಾದ ಪುಸ್ತಕಗಳನ್ನು ಬೇರೆಯಿಟ್ಟು, ಉತ್ತರ ನೋಡಿ ಗುಂಪು ಮಾಡಿದೆ. 42 ಪುಸ್ತಕಗಳಲ್ಲಿ ಹನ್ನೊಂದರಲ್ಲಿ 97 ಇತ್ತು. ಇವರು ಋಣಚಿಹ್ನೆಯನ್ನು ಬಿಟ್ಟವರು. ಎಂಟರಲ್ಲಿ −80 ಇತ್ತು. ಇವರು ಚಿಹ್ನೆಯನ್ನು ಸರಿಯಾಗಿಯೇ ಬರೆದು, 29ರಿಂದ ಗುಣಿಸುವ ಬದಲು 30ರಿಂದ ಗುಣಿಸಿದವರು. ಎರಡೂ ಗುಂಪಿಗೆ "30ನೆಯ ಪದ ಕಂಡುಹಿಡಿಯುವುದು" ಎಂಬ ಒಂದೇ ವಿಡಿಯೋ ಮಾಡಿದ್ದರೆ ಯಾರಿಗೂ ತಮ್ಮ ತಪ್ಪು ಕಾಣುತ್ತಿರಲಿಲ್ಲ. ಹಾಗಾಗಿ ಬುಧವಾರಕ್ಕೆ ಇಳಿಯುವ ಶ್ರೇಢಿಯ ಸಾಮಾನ್ಯ ವ್ಯತ್ಯಾಸ, ಶನಿವಾರಕ್ಕೆ n ಬದಲು n − 1 ಏಕೆ ಎಂಬುದು ನಿಗದಿಯಾಯಿತು. ಎರಡನೆಯದಕ್ಕೆ ಸೂತ್ರವನ್ನೇ ಹೇಳದೆ, ಮೇಜಿನ ಮೇಲೆ ಐದು ಬೆಂಕಿಕಡ್ಡಿಗಳನ್ನು ಸಾಲಾಗಿಟ್ಟು, ಅವುಗಳ ನಡುವಿನ ಸಂದುಗಳನ್ನು ಎಣಿಸಿ ತೋರಿಸಿದೆ: ಕಡ್ಡಿ ಐದು, ಸಂದು ನಾಲ್ಕು.

ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಮಧ್ಯಾಹ್ನ ಎರಡನ್ನೂ ಬರೆದುಕೊಳ್ಳುತ್ತೇನೆ. ಬೀದಿಯಲ್ಲಿ ಸದ್ದು ಏಳುವ ಮೊದಲು, ಭಾನುವಾರ ಬೆಳಿಗ್ಗೆ ಆರಕ್ಕೆ ಎರಡರ ಚಿತ್ರೀಕರಣವನ್ನೂ ಮುಗಿಸುತ್ತೇನೆ. ಸೋಮವಾರ ರಾತ್ರಿಯೊಳಗೆ ಎಡಿಟಿಂಗ್ ಮುಗಿದು ಎರಡೂ ಶೆಡ್ಯೂಲ್ ಆಗಿರುತ್ತವೆ. ಹೇಳಿದ ಹೊತ್ತಿನವರೆಗೂ ಅವು ಖಾಸಗಿಯಾಗಿಯೇ ಇರುವುದರಿಂದ ಮಂಗಳವಾರ ನಿದ್ದೆಗಣ್ಣಿಲ್ಲದೆ ಮತ್ತೊಮ್ಮೆ ನೋಡಬಹುದು. ಚಿಹ್ನೆಯ ತಪ್ಪುಗಳು ನನಗೆ ಸಿಕ್ಕಿರುವುದೆಲ್ಲ ಮಂಗಳವಾರವೇ. ಪ್ರಕಟವಾಗುವುದು ಸಂಜೆ ಏಳಕ್ಕೆ. ನನ್ನ ಮಕ್ಕಳಲ್ಲಿ ಹೆಚ್ಚಿನವರಿಗೆ ಫೋನ್ ಸಿಗುವುದು ಅಪ್ಪ ಕೆಲಸದಿಂದ ಮನೆಗೆ ಬಂದ ಮೇಲೆ, ಅದೂ ಅರ್ಧ ಗಂಟೆಯ ಮಟ್ಟಿಗೆ. ಆರೇಳು ನಿಮಿಷಕ್ಕಿಂತ ಉದ್ದದ ವಿಡಿಯೋ ಮಾಡದಿರುವುದಕ್ಕೂ ಇದೇ ಕಾರಣ.

ಯಾವುದನ್ನು ವಿಡಿಯೋ ಮಾಡಬಾರದೆಂದು ಹೇಗೆ ತೀರ್ಮಾನಿಸುತ್ತೀರಿ ಎಂದು ಯಾರಾದರೂ ಕೇಳಬೇಕೆಂದು ನನಗೆ ಬಹಳ ಆಸೆಯಿದೆ, ಏಕೆಂದರೆ ನನ್ನ ಸಮಯ ಉಳಿದಿರುವುದು ಅಲ್ಲಿಯೇ. ಇಬ್ಬರು ಮೂವರು ಮಾತ್ರ ಮಾಡಿದ ತಪ್ಪಿಗೆ ವಿಡಿಯೋ ಮಾಡುವುದಿಲ್ಲ. ಅವರ ಡೆಸ್ಕಿನ ಪಕ್ಕ ಎರಡು ನಿಮಿಷ ನಿಂತರೆ ಸಾಕು. ಇಡೀ ಪಾಠವನ್ನು ಮೊದಲಿನಿಂದ ಹೇಳುವ ವಿಡಿಯೋವನ್ನೂ ಮಾಡುವುದಿಲ್ಲ. ಅದು ತರಗತಿಯ ಕೆಲಸ.

ಚುನಾವಣಾ ಕರ್ತವ್ಯವೋ ತರಬೇತಿಯೋ ಬಂದು ಭಾನುವಾರ ಕೈತಪ್ಪುವುದುಂಟು. ಅದಕ್ಕಾಗಿ ಬೇಸಿಗೆ ರಜೆಯಲ್ಲೇ ಎರಡು ವಿಡಿಯೋಗಳನ್ನು ಮಾಡಿಟ್ಟಿರುತ್ತೇನೆ. ಥೇಲ್ಸ್ ಪ್ರಮೇಯದ ಸಾಧನೆ ಅವುಗಳಲ್ಲೊಂದು, ಅದು ಯಾವ ವಾರಕ್ಕಾದರೂ ಸಲ್ಲುತ್ತದೆ. ಎರಡೂ ಖರ್ಚಾಗಿದ್ದರೆ ಆ ವಾರ ಏನನ್ನೂ ಹಾಕುವುದಿಲ್ಲ, ಬುಧವಾರ ಬೆಳಿಗ್ಗೆ ತರಗತಿಯಲ್ಲೇ ಮಕ್ಕಳಿಗೆ ಹಾಗೆಂದು ಹೇಳಿಬಿಡುತ್ತೇನೆ.