ಅಪ್ಪೆಮಿಡಿ ಜಾಹೀರಾತು: ಮೊದಲ ವಾರದ ಲೆಕ್ಕ

ಮಾರುತ್ತಿರುವುದು ಅರ್ಧ ಕೆಜಿಯ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ, ಶಿರಸಿಯಿಂದ ಬೆಂಗಳೂರಿಗೆ ಕೊರಿಯರ್. ವೆಬ್‌ಸೈಟ್ ಇಲ್ಲ, ಆರ್ಡರ್ ಎಲ್ಲ ವಾಟ್ಸಾಪಿನಲ್ಲಿ. ಎರಡು ಬಾಟಲಿಯ ಒಂದು ಆರ್ಡರಿಗೆ ಖರ್ಚೆಲ್ಲ ಕಳೆದು 240 ರೂಪಾಯಿ ಉಳಿಯುತ್ತದೆ. ಒಂದು ಆರ್ಡರ್ ತರುವುದಕ್ಕೆ ಜಾಹೀರಾತಿಗೆ ಅದಕ್ಕಿಂತ ಹೆಚ್ಚು ಹೋದರೆ ಕೈಯಿಂದ ಹಾಕಿದಂತೆಯೇ.

ಉದ್ದೇಶ. ಫೇಸ್‌ಬುಕ್ ಪೋಸ್ಟಿನ ಕೆಳಗಿನ Boost ಗುಂಡಿ ಮುಟ್ಟಿಲ್ಲ. ನೇರವಾಗಿ ಮೆಟಾದ Ads Manager. Traffic ಆರಿಸಿದರೆ ಲಿಂಕ್ ಒತ್ತುವವರನ್ನು ಹುಡುಕಿಕೊಡುತ್ತದೆ, ಒತ್ತಿದವರು ಮೆಸೇಜ್ ಕಳಿಸದೆ ವಾಪಸ್ ಹೋಗುತ್ತಾರೆ. ಅದಕ್ಕೇ Engagement, ಅದರೊಳಗೆ ವಾಟ್ಸಾಪ್, ಗುರಿ 'ಹೆಚ್ಚು ಸಂಭಾಷಣೆ'.

ಯಾರಿಗೆ. ಬೆಂಗಳೂರು ನಗರ, 25 ದಾಟಿದವರು, ಅಷ್ಟೇ. ಆಸಕ್ತಿಗಳ ಪಟ್ಟಿ ಸೇರಿಸಿಲ್ಲ. ಚಿತ್ರದ ಮೇಲೆ 'ಅಪ್ಪೆಮಿಡಿ' ಎಂದು ದೊಡ್ಡದಾಗಿ ಬರೆದರೆ ಮಲೆನಾಡಿನವರು ತಾವಾಗಿಯೇ ನಿಲ್ಲುತ್ತಾರೆ, ಉಳಿದವರು ಸರಿಸಿ ಮುಂದೆ ಹೋಗುತ್ತಾರೆ. ಭಾಷೆಯ ಜಾಗದಲ್ಲಿ ಕನ್ನಡ ಎಂದು ಹಾಕುವ ಆಸೆ ಬೇಡ: ಕನ್ನಡಿಗರಲ್ಲಿ ಎಷ್ಟೋ ಜನರ ಆ್ಯಪ್ ಇಂಗ್ಲಿಷಿನಲ್ಲೇ ಇರುತ್ತದೆ, ಅವರೆಲ್ಲ ತಪ್ಪಿಹೋಗುತ್ತಾರೆ.

ಹಣ. ದಿನಕ್ಕೆ 300, ವಾರಕ್ಕೆ 2100, ಮೇಲೆ 18% ಜಿಎಸ್‌ಟಿ 378. ಒಂದೇ ಆ್ಯಡ್ ಸೆಟ್, ಅಂದರೆ ಒಂದೇ ಬಜೆಟ್, ಒಂದೇ ಜನರ ಗುಂಪು; ಅದರಲ್ಲಿ ಎರಡು ಜಾಹೀರಾತು. ಯಾರಿಗೆ ತೋರಿಸಿದರೆ ಫಲ ಸಿಗುತ್ತದೆಂದು ಮೆಟಾ ಮೊದಲು ಕಲಿಯುತ್ತದೆ; ಒಂದು ಸೆಟ್ ಆ ಕಲಿಕೆಯ ಹಂತ ದಾಟಲು ವಾರಕ್ಕೆ ಸುಮಾರು 50 ಫಲಿತಾಂಶ, ಇಲ್ಲಿ ಸಂಭಾಷಣೆ, ಬೇಕು. ಇಷ್ಟು ಸಣ್ಣ ಮೊತ್ತವನ್ನು ನಾಲ್ಕು ಸೆಟ್‌ಗೆ ಹಂಚಿದರೆ ಯಾವುದೂ ಅಲ್ಲಿಗೆ ಮುಟ್ಟುವುದಿಲ್ಲ. ಒಂದು ದಿನ 300 ದಾಟಿ, ಇನ್ನೊಂದು ದಿನ ಕಡಿಮೆ ಖರ್ಚಾದರೆ ಗಾಬರಿ ಬೇಡ, ವಾರದ ಮೊತ್ತ ಮೀರುವುದಿಲ್ಲ. ನಡುವೆ ಚಿತ್ರ, ಜನ, ಬಜೆಟ್ ಬದಲಿಸುತ್ತಾ ಕೂತರೆ ಕಲಿಕೆ ಮತ್ತೆ ಮೊದಲಿಂದ ಶುರುವಾಗಬಹುದು.

ಫಲ. ಮೊದಲ ಜಾಹೀರಾತಿನಲ್ಲಿ ಬಾಟಲಿಯ ಫೋಟೊ ಮಾತ್ರ, ಬೆಲೆ ಇಲ್ಲ. ಎರಡನೆಯದರಲ್ಲಿ ಬೆಲೆ, ತೂಕ, ಕೊರಿಯರ್ ಚಾರ್ಜ್ ಎಲ್ಲ ಫೋಟೊ ಮೇಲೆಯೇ. ಮೊದಲನೆಯದಕ್ಕೆ 1300 ಖರ್ಚಾಗಿ 58 ಸಂಭಾಷಣೆ, ತಲಾ ಸುಮಾರು 22 ರೂಪಾಯಿ. ಎರಡನೆಯದಕ್ಕೆ 800ಕ್ಕೆ ಬರೀ 20, ತಲಾ 40. ಪರದೆಯ ಮೇಲೆ ಗೆದ್ದದ್ದು ಮೊದಲನೆಯದೇ. ಹೆಚ್ಚು ಹಣ ಅತ್ತ ಹರಿದದ್ದೂ ಅದಕ್ಕೇ.

ವಾಟ್ಸಾಪ್ ಮಾತ್ರ ಬೇರೆಯೇ ಹೇಳುತ್ತದೆ. ಎರಡೂ ಜಾಹೀರಾತಿಗೆ ಮೊದಲೇ ತುಂಬಿಟ್ಟ ಮೆಸೇಜ್ ಬೇರೆ ಬೇರೆ ಕೊಟ್ಟಿದ್ದರಿಂದ ಯಾರು ಎಲ್ಲಿಂದ ಬಂದರೆಂದು ತಿಳಿಯುತ್ತದೆ. ಹಣ ಕೊಟ್ಟವರಿಗೆ ಲೇಬಲ್ ಅಂಟಿಸಿದರೆ ಎಣಿಕೆಯೂ ಸುಲಭ. ಮೊದಲನೆಯದರಿಂದ 'ರೇಟ್ ಎಷ್ಟು?' ಕೇಳಿ ಸುಮ್ಮನಾದವರೇ ಹೆಚ್ಚು, ಆರ್ಡರ್ 6. ಎರಡನೆಯದರಿಂದ 8. ಜಿಎಸ್‌ಟಿ ಸೇರಿಸಿದರೆ ಒಂದು ಆರ್ಡರಿಗೆ ಅಲ್ಲಿ ಸುಮಾರು 256, ಇಲ್ಲಿ 118. ಅಗ್ಗದ ಜಾಹೀರಾತು ನಷ್ಟದಲ್ಲಿದೆ. ಮೆಟಾಗೆ ಕಾಣುವುದು ಸಂಭಾಷಣೆ ಮಾತ್ರ, ಜಿಪೇಗೆ ಬಿದ್ದ ದುಡ್ಡು ಅದಕ್ಕೆ ಗೊತ್ತಾಗುವುದಿಲ್ಲ.

ಮುಂದೆ. ಮೊದಲನೆಯದು ಬಂದ್. ಎರಡನೆಯದು ಹಾಗೇ, ಅದೇ 300ರಲ್ಲಿ. 8 ಆರ್ಡರ್ ತೀರಾ ಸಣ್ಣ ಲೆಕ್ಕ, ಇಷ್ಟನ್ನೇ ನಂಬಿ ಬಜೆಟ್ ಏರಿಸುವಂತಿಲ್ಲ. ಮುಂದಿನ ವಾರವೂ ಆರ್ಡರಿನ ಖರ್ಚು 150ರೊಳಗೆ ನಿಂತರೆ ದಿನಕ್ಕೆ 350.