ಬೆಟ್ಟ ಇಳಿಯುವ ಮುಂಚೆ ಬೂಟಿನ ಲೇಸ್ ಬಿಚ್ಚಿ ಮತ್ತೆ ಕಟ್ಟಿ

ಈ ಸಲದ ಟ್ರೆಕ್‌ನಲ್ಲಿ ಇಳಿಯುವ ದಾರಿಯೇ ಉದ್ದ. ಕಲ್ಲು ಮೆಟ್ಟಿಲು, ಆಮೇಲೆ ಜಾರುವ ಸಣ್ಣ ಜಲ್ಲಿ. ಅರ್ಧ ಗಂಟೆ ಇಳಿಯುವಷ್ಟರಲ್ಲಿ ಜೊತೆಗಿದ್ದ ಗೆಳೆಯನಿಗೆ ಹೆಬ್ಬೆರಳಿನ ಉಗುರು ನೋಯಲು ಶುರುವಾಯಿತು, ಹಿಮ್ಮಡಿಯೂ ಉರಿಯುತ್ತಿತ್ತು. ಅವನು ಲೇಸನ್ನು ಬುಡದಿಂದ ತುದಿಯವರೆಗೂ ಒಂದೇ ಬಿಗಿಯಲ್ಲಿ ಎಳೆದು ಕಟ್ಟಿದ್ದ, ತುಂಬಾ ಜನ ಹಾಗೇ ಕಟ್ಟುತ್ತಾರೆ ಅಲ್ವಾ?

ಇಳಿಯುವಾಗ ಮೈಭಾರಕ್ಕೆ ಪಾದ ಬೂಟಿನೊಳಗೆ ಮುಂದಕ್ಕೆ ಜಾರುತ್ತದೆ. ಅದನ್ನು ತಡೆಯಬೇಕಾದ್ದು ಬೆರಳಲ್ಲ, ಪಾದ ಕಾಲಿಗೆ ಸೇರುವ ಕಡೆ ಇರುವ ಮಡಿಕೆ. ಲೇಸ್ ಅಲ್ಲಿ ಸಡಿಲವಿದ್ದರೆ ಪ್ರತಿ ಹೆಜ್ಜೆಗೂ ಉಗುರು ಬೂಟಿನ ಮೂತಿಗೆ ಗುದ್ದುತ್ತದೆ. ಉಗುರಿನ ಕೆಳಗೆ ರಕ್ತ ಕಟ್ಟಿ ಕಪ್ಪಾಗುವುದು ಹೀಗೇ.

ಅಲ್ಲೇ ಬಂಡೆಯ ಮೇಲೆ ಕೂರಿಸಿ ಎರಡೂ ಬೂಟಿನ ಲೇಸ್ ಪೂರ್ತಿ ಸಡಿಲ ಮಾಡಿಸಿದೆ. ಮೊದಲು ಬೂಟಿನ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ, ಪಾದವನ್ನು ಪೂರ್ತಿ ಹಿಂದಕ್ಕೆ ಕೂರಿಸಬೇಕು. ಇದನ್ನು ಬಿಟ್ಟರೆ ಮುಂದೆ ಏನು ಕಟ್ಟಿದರೂ ಪಾದ ಮುಂದೆಯೇ ಉಳಿದಿರುತ್ತದೆ. ಬೆರಳಿನ ಕಡೆಯ ತೂತುಗಳಲ್ಲಿ ಲೇಸ್ ಸುಮ್ನೆ ಕೂತಿದ್ದರೆ ಸಾಕು, ಬೆರಳು ಆಡಬೇಕು. ಮಡಿಕೆಯ ಹತ್ತಿರ ಬಂದಾಗ ಗಟ್ಟಿಯಾಗಿ ಎಳೆದು, ಎರಡೂ ಲೇಸ್ ಒಂದರ ಮೇಲೊಂದು ಹಾಯಿಸಿ, ಮಾಮೂಲಿಯಂತೆ ಒಂದು ಸುತ್ತಲ್ಲ, ಎರಡು ಸುತ್ತು ಹಾಕಿ ಬಿಗಿಯಿರಿ. ಆ ಎರಡನೇ ಸುತ್ತಿನ ಉಜ್ಜಾಟಕ್ಕೆ ಲೇಸ್ ಅಲ್ಲೇ ಹಿಡಿದುಕೊಳ್ಳುತ್ತದೆ, ಕೈಬಿಟ್ಟರೂ ಸಡಿಲವಾಗುವುದಿಲ್ಲ. ಕೆಳಗಿನ ಸಡಿಲವೂ ಮೇಲಿನ ಬಿಗಿಯೂ ಒಂದಕ್ಕೊಂದು ಬೆರೆಯುವುದಿಲ್ಲ. ಅದರ ಮುಂದಿನ ಕೊಕ್ಕೆ ದಾಟಿ ಇನ್ನೊಂದು ಇಂಥದ್ದೇ ಗಂಟು ಹಾಕಿದರೆ ಇನ್ನೂ ಒಳ್ಳೆಯದು. ಮೇಲಿನ ಕೊಕ್ಕೆಗಳಿಗೆ ಲೇಸನ್ನು ಕೆಳಗಿನಿಂದ ಸಿಕ್ಕಿಸುವ ಬದಲು ಮೇಲಿನಿಂದ ಕೆಳಕ್ಕೆ ಸುತ್ತಿ ತಂದರೆ ಅದೂ ಜಾರುವುದಿಲ್ಲ. ಆದರೆ ಅಲ್ಲಿ ಬಿಗಿ ಮಾತ್ರ ಕಡಿಮೆ ಇರಲಿ, ಮೊಣಕಾಲು ಬಗ್ಗಿಸಿದಾಗ ಕಾಲು ಮುಂದಕ್ಕೆ ವಾಲಬೇಕು.

ಕಟ್ಟಿದ ಮೇಲೆ ಇಳಿಜಾರಿನಲ್ಲಿ ಕೆಳಮುಖವಾಗಿ ನಿಂತು ಬೂಟಿನ ತುದಿಯನ್ನು ಕಲ್ಲಿಗೆ ಮೆಲ್ಲಗೆ ಗುದ್ದಿ. ಬೆರಳಿಗೆ ತಾಗಿದರೆ ಮಡಿಕೆಯ ಗಂಟು ಇನ್ನೂ ಸಡಿಲ. ಪಾದದ ಮೇಲೆ ಜೋಮು ಹಿಡಿದರೆ ಅಥವಾ ಕಾಲಿನ ಮುಂಭಾಗದ ನರ ಎಳೆದಂತೆ ನೋವಾದರೆ ಬಿಗಿ ಜಾಸ್ತಿಯಾಗಿದೆ, ತಡಮಾಡದೆ ಸಡಿಲಿಸಿ. ಹಿಮ್ಮಡಿ ಕೂದಲೆಳೆಯಷ್ಟು ಏಳುವುದು ಸಹಜ, ಉಜ್ಜಿ ಬಿಸಿಯಾಗಬಾರದು ಅಷ್ಟೇ.

ಗೆಳೆಯನ ಹಿಮ್ಮಡಿಯ ಉರಿ ಅಲ್ಲಿಗೇ ನಿಂತಿತು. ಆಗಲೇ ಪೆಟ್ಟು ತಿಂದಿದ್ದ ಉಗುರು ಮಾತ್ರ ಸಂಜೆಗೆ ಕಪ್ಪಾಯಿತು. ಅದಕ್ಕೇ ಹೇಳುವುದು, ನೋವು ಶುರುವಾಗುವವರೆಗೆ ಕಾಯದೆ ಬೆಟ್ಟದ ತುದಿಯಲ್ಲೇ ಕೂತು ಈ ಕೆಲಸ ಮುಗಿಸಿ. ನಡೆದು ನಡೆದು ಪಾದ ಊದಿರುತ್ತದೆ, ಬೆಳಗಿನ ಕಟ್ಟು ಆಗ ಹೊಂದುವುದಿಲ್ಲ. ಉಗುರನ್ನು ಮಾತ್ರ ಎರಡು ದಿನ ಮೊದಲೇ ನೇರವಾಗಿ ಕತ್ತರಿಸಿಕೊಳ್ಳಿ.

ಬೂಟೇ ಗಿಡ್ಡವಾಗಿದ್ದರೆ ಯಾವ ಗಂಟೂ ಕೆಲಸಕ್ಕೆ ಬರುವುದಿಲ್ಲ. ಹೊರಡುವ ಮುಂಚೆ ಒಳಗಿನ ಅಟ್ಟೆ ತೆಗೆದು ಅದರ ಮೇಲೆ ನಿಂತು ನೋಡಿ, ಉದ್ದದ ಬೆರಳಿನ ಮುಂದೆ ಕೈಯ ಹೆಬ್ಬೆರಳಗಲ ಜಾಗ ಉಳಿಯದಿದ್ದರೆ ಒಂದು ಸೈಜ್ ದೊಡ್ಡದು ತಗೊಳ್ಳಿ.